ಹೊದಿಕೆ ಕದ್ದವನಿಗೆ ಕೋರ್ಟು, ದರ ಇಳಿಸಿದವನಿಗೆ ಬೇರೆ ಮದ್ದು

ಪಾರ್ಲೆ ಕಂಪನಿಯ ಗ್ಲೂಕೋ ಬಿಸ್ಕತ್ತಿನ ಹಳೆಯ ಹೊದಿಕೆಯ ಮೇಲೆ ಹಳ್ಳಿಮನೆಯ ಅಂಗಳ, ನಡುವೆ ನೀರು ಹೊತ್ತ ಹುಡುಗಿ, ಸುತ್ತ ದನ ಮತ್ತು ಕೋಳಿಗಳ ಚಿತ್ರವಿತ್ತು. 1961ರ ಹೊತ್ತಿಗೆ ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಗ್ಲೂಕೋಸ್ ಬಿಸ್ಕತ್ತು ಬಹುಪಾಲು ಅದೇ ಬಣ್ಣ, ಅದೇ ವಿನ್ಯಾಸದಲ್ಲಿ ಬಂತು. ಅದರಲ್ಲಿದ್ದ ಹುಡುಗಿಯ ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು, ಕೈಯಲ್ಲಿ ಕುಡುಗೋಲು. ಕೆಳ ನ್ಯಾಯಾಲಯವೂ ಮೈಸೂರು ಹೈಕೋರ್ಟೂ ವ್ಯತ್ಯಾಸಗಳನ್ನು ಎಣಿಸಿ ಪಾರ್ಲೆಯ ದಾವೆಯನ್ನು ತಳ್ಳಿಹಾಕಿದವು. 1972ರಲ್ಲಿ ಸುಪ್ರೀಂ ಕೋರ್ಟು ಆ ಎಣಿಕೆಯನ್ನೇ ಒಪ್ಪಲಿಲ್ಲ. ಗಿರಾಕಿ ಎರಡು ಪೊಟ್ಟಣಗಳನ್ನು ಅಕ್ಕಪಕ್ಕ ಇಟ್ಟು ತೂಗಿ ನೋಡುವುದಿಲ್ಲ, ಒಟ್ಟು ನೋಟ ಅವನ ನೆನಪಿನಲ್ಲಿರುವುದನ್ನು ಹೋಲುತ್ತದೆಯೇ ಎಂಬುದೇ ಪ್ರಶ್ನೆ ಎಂದಿತು. ಈ ಅಳತೆಗೋಲು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಗೆಲುವಿಗೆ ಹಿಡಿದದ್ದು ಹನ್ನೊಂದು ವರ್ಷ. ಗೆದ್ದದ್ದೂ ಹೊದಿಕೆಯ ಹೋಲಿಕೆಯ ವಿಷಯದಲ್ಲಿ ಮಾತ್ರ. ಗ್ಲೂಕೋಸ್ ಬಿಸ್ಕತ್ತನ್ನು ಕಡಿಮೆ ದರಕ್ಕೆ ಮಾರಬಾರದೆಂದು ಯಾವ ಕೋರ್ಟೂ ಹೇಳಲಾರದು.

ನಕಲಿನಿಂದ ಪೆಟ್ಟು ತಿಂದ ಕಂಪನಿಗಳು ಎಡವುವುದು ಇಲ್ಲಿಯೇ. ಕೈತಪ್ಪಿದ ಗಿರಾಕಿಗಳಲ್ಲಿ ಎರಡು ಬಗೆಯವರಿದ್ದಾರೆ. ಅಸಲಿಯ ಹೆಸರು ಹೇಳಿ ಕೇಳಿ, ಕೈಗೆ ಬಂದ ನಕಲನ್ನು ಗಮನಿಸದೆ ಒಯ್ದವರು ಒಂದು ಬಗೆ. ಎರಡು ರೂಪಾಯಿ ಕಡಿಮೆಯೆಂದು ತಿಳಿದೇ ಬದಲಾಯಿಸಿದವರು ಇನ್ನೊಂದು. ಕಿರಾಣಿ ಅಂಗಡಿಯ ಮುಂದೆ ಒಂದು ದಿನ ನಿಂತರೆ ಯಾರು ಹೆಚ್ಚು ಎಂಬುದು ತಿಳಿಯುತ್ತದೆ: ಗಿರಾಕಿ ಯಾವ ಹೆಸರು ಹೇಳುತ್ತಾನೆ, ಅಂಗಡಿಯವನು ಯಾವುದಕ್ಕೆ ಕೈ ಹಾಕುತ್ತಾನೆ ಎಂಬುದನ್ನು ನೋಡಿದರೆ ಸಾಕು. ಮೊದಲ ಬಗೆಯವರಿಗೆ ಕಾನೂನು ಮದ್ದು. ಎರಡನೆಯವರಿಗೆ ಅಲ್ಲ. ದರ ಇಳಿಸುವುದಂತೂ ಇಬ್ಬರಿಗೂ ಮದ್ದಲ್ಲ ಎಂಬುದು ನನ್ನ ವಾದ.

ಲೆಕ್ಕ ಹಾಕಿ ನೋಡೋಣ. ಒಂದು ಪ್ಯಾಕಿಗೆ ಕಂಪನಿಯ ಕೈ ಸೇರುವುದು 10 ರೂಪಾಯಿ, ಕಚ್ಚಾವಸ್ತು, ಪ್ಯಾಕಿಂಗು, ಸಾಗಣೆಗೆ ಹೋಗುವುದು 7 ರೂಪಾಯಿ ಎಂದುಕೊಳ್ಳಿ. ನೂರು ಪ್ಯಾಕಿಗೆ ಉಳಿಯುವುದು 300. ನಕಲಿನವನು 8 ರೂಪಾಯಿಗೆ ಬಂದು ನೂರರಲ್ಲಿ ಇಪ್ಪತ್ತನ್ನು ಕಿತ್ತುಕೊಂಡರೂ ಕಂಪನಿಗೆ 240 ಉಳಿಯುತ್ತದೆ. ಹಟಕ್ಕೆ ಬಿದ್ದು ತಾನೂ 8ಕ್ಕೆ ಇಳಿದು, ಒಬ್ಬ ಗಿರಾಕಿಯನ್ನೂ ಬಿಟ್ಟುಕೊಡದಿದ್ದರೆ ಉಳಿಯುವುದು ಬರೀ 100. ಹಳೆಯ ಲಾಭ ಕಾಣಲು ಮೂರು ಪಟ್ಟು ಮಾರಬೇಕು. ಜಾಹೀರಾತು, ಸಂಶೋಧನೆ, ಗುಣಮಟ್ಟ ಪರೀಕ್ಷೆಯ ಖರ್ಚಿಲ್ಲದ ನಕಲಿನವನಿಗೆ ಈ ಯುದ್ಧ ಹಿಡಿಸುತ್ತದೆ. ಅವನ ಬಲ ಇನ್ನೂ ಒಂದಿದೆ: ಅಂಗಡಿಯವನಿಗೆ ಅಸಲಿಯಲ್ಲಿ ಒಂದು ರೂಪಾಯಿ ಸಿಕ್ಕರೆ ಅಗ್ಗದ ನಕಲಿನಲ್ಲಿ ಒಂದೂವರೆ ಸಿಗಬಹುದು. ಆಗ ಯಾವುದು ಕಣ್ಣೆದುರಿನ ಅಟ್ಟಣೆಗೆ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಸಲಿ ಕಂಪನಿಗೆ ಖರ್ಚು ಮಾಡಲೇಬೇಕೆಂದಿದ್ದರೆ, ನಕಲು ಹಬ್ಬಿರುವ ಊರುಗಳಲ್ಲಿ ಅಂಗಡಿಯವನ ಮಾರ್ಜಿನ್ನಿಗೆ ಮಾಡಲಿ. ಎಲ್ಲ ಗಿರಾಕಿಗಳಿಗೂ ಎರಡು ರೂಪಾಯಿ ಹಂಚುವುದಕ್ಕಿಂತ ಅದು ಎಷ್ಟೋ ಅಗ್ಗ.

‘ಸುಮ್ಮನಿದ್ದರೆ ನಕಲಿನವನೇ ದೊಡ್ಡವನಾಗುತ್ತಾನಲ್ಲ’ ಎಂಬ ಆಕ್ಷೇಪ ಗಟ್ಟಿಯಾದದ್ದು. ನಿರ್ಮಾ ಯಾರ ಹೊದಿಕೆಯನ್ನೂ ನಕಲು ಮಾಡಿದ್ದಲ್ಲ, ಆದರೂ ಅಗ್ಗದ ಪುಡಿಯೆಂದು ಹಿಂದೂಸ್ತಾನ್ ಲಿವರ್ ಅದನ್ನು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಪೇಚಿಗೆ ಸಿಲುಕಿತು. ಆದರೆ ಆ ಕಂಪನಿ ಕೊನೆಗೆ ಎದುರಿಸಿದ ಬಗೆಯನ್ನೂ ನೋಡಬೇಕು. ಸರ್ಫ್‌ನ ದರವನ್ನು ನಿರ್ಮಾದ ಮಟ್ಟಕ್ಕೆ ತರಲಿಲ್ಲ. 1980ರ ದಶಕದ ಕೊನೆಯಲ್ಲಿ ಕೆಳಗಿನ ಮೆಟ್ಟಿಲಿಗೆಂದೇ ವೀಲ್ ಎಂಬ ಬೇರೆ ಹೆಸರನ್ನು ತಂದಿತು. ಪಾರ್ಲೆ ಹಿಡಿದದ್ದು ಇನ್ನೊಂದು ದಾರಿ. ಗ್ಲೂಕೋಸ್ ಎಂಬ ಪದ ಯಾರ ಸೊತ್ತೂ ಅಲ್ಲವಾದ್ದರಿಂದ ಬಿಸ್ಕತ್ತಿಗೆ ಪಾರ್ಲೆ-ಜಿ ಎಂಬ ತನ್ನದೇ ಹೆಸರಿಟ್ಟಿತು. ಮುಂದೆ ಖರ್ಚು ಏರಿದಾಗಲೂ ಸಣ್ಣ ಪ್ಯಾಕಿನ ದರವನ್ನು ಆದಷ್ಟು ಹಿಡಿದಿಟ್ಟು ತೂಕ ಇಳಿಸುತ್ತ ಬಂತು. ಕೆಳಗಿನ ಮೆಟ್ಟಿಲನ್ನು ಅಸಲಿಯೇ ಹಿಡಿದು ಕೂತಾಗ ನಕಲಿಗೆ ಕಾಲೂರಲು ಜಾಗ ಕಡಿಮೆ. ತೂಕ ಇಳಿಸುವುದಕ್ಕೂ ಮಿತಿಯಿದೆಯೆನ್ನಿ, ಗಿರಾಕಿಗೆ ಪೊಟ್ಟಣ ಕೈಯಲ್ಲಿ ಹಿಡಿದಾಗಲೇ ಗೊತ್ತಾಗುತ್ತದೆ.

ಹಾಗಾದರೆ ಬಡ ಗಿರಾಕಿಗೆ ಅಗ್ಗದ ಮಾಲು ಸಿಗುವುದನ್ನು ತಡೆಯುವುದು ಸರಿಯೇ? ಮಾಲನ್ನು ಯಾರೂ ತಡೆಯುತ್ತಿಲ್ಲ. ಅದೇ ಬಿಸ್ಕತ್ತನ್ನು ತನ್ನ ಹೆಸರು, ತನ್ನ ಚಿತ್ರದೊಂದಿಗೆ ಮಾರಲು ಅಡ್ಡಿಯಿಲ್ಲ. ಅಡ್ಡಿಯಿರುವುದು ಇನ್ನೊಬ್ಬರ ಹೆಸರಿನ ನೆರಳಿನಲ್ಲಿ ಮಾರುವುದಕ್ಕೆ. ಅದನ್ನು ತಡೆಯಲು ಕೋರ್ಟಿಗೆ ಹೋಗುವಾಗ ಅಂತಿಮ ತೀರ್ಪಿಗಿಂತ ಮಧ್ಯಂತರ ತಡೆಯಾಜ್ಞೆ ಮುಖ್ಯ. ತಿಳಿದೂ ತಿಂಗಳುಗಟ್ಟಲೆ ಸುಮ್ಮನಿದ್ದವನ ತುರ್ತನ್ನು ನ್ಯಾಯಾಧೀಶರು ಅನುಮಾನದಿಂದಲೇ ನೋಡುತ್ತಾರೆ. ಆದ್ದರಿಂದ ಲೇಬಲ್ಲಿನ ನೋಂದಣಿ, ಎಷ್ಟು ಕಾಲದಿಂದ ಆ ಹೊದಿಕೆ ಬಳಕೆಯಲ್ಲಿದೆ ಎಂಬುದಕ್ಕೆ ಬಿಲ್ಲು ಮತ್ತು ಜಾಹೀರಾತುಗಳು, ನಕಲನ್ನು ಕೊಂಡ ರಸೀದಿ, ಇವೆಲ್ಲ ಮೊದಲೇ ಕಡತದಲ್ಲಿರಬೇಕು. ಕೋರ್ಟು ನೇಮಿಸುವ ಕಮಿಷನರು ಅಂಗಡಿಗಳ ಮಾಲನ್ನಷ್ಟೇ ಜಪ್ತಿ ಮಾಡಿದರೆ ಪೆಟ್ಟು ಬೀಳುವುದು ಚಿಲ್ಲರೆ ವ್ಯಾಪಾರಿಗೆ. ಅವನು ಅಸಲಿ ಕಂಪನಿಯ ಮೇಲೆಯೇ ಮುನಿಸಿಕೊಳ್ಳುತ್ತಾನೆ. ಹೊದಿಕೆಯ ಒಂದೊಂದು ಬಣ್ಣಕ್ಕೂ ಒಂದೊಂದರಂತೆ ಕೆತ್ತಿಸುವ ದುಬಾರಿ ಸಿಲಿಂಡರುಗಳು ಇರುವುದು ಮುದ್ರಕನ ಬಳಿ. ಜಪ್ತಿಯ ಆದೇಶ ಅವನ ಕಾರ್ಖಾನೆಯನ್ನೂ ಒಳಗೊಳ್ಳುವಂತೆ ಅರ್ಜಿಯಲ್ಲೇ ಕೇಳಬೇಕು.