ಗುಳಿಗೆಯ ಚೀಲ ಮತ್ತು ದಾಖಲಾತಿಯ ನಮೂನೆ

ವಯೋವೃದ್ಧರು ಆಸ್ಪತ್ರೆಗೆ ದಾಖಲಾದಾಗ, ಅವರು ಮನೆಯಲ್ಲಿ ಸೇವಿಸುತ್ತಿರುವ ಎಲ್ಲ ಔಷಧಗಳನ್ನು ಬರೆದು, ಪ್ರತಿಯೊಂದನ್ನೂ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ವೈದ್ಯರು ನಿರ್ಧರಿಸುವ ನಮೂನೆಯೊಂದಿದೆ. ಅದನ್ನು ಮನೆಯವರ ನೆನಪಿನಿಂದಲ್ಲ, ಗುಳಿಗೆಗಳ ಚೀಲವನ್ನು ಮುಂದಿಟ್ಟುಕೊಂಡೇ ತುಂಬಬೇಕೆಂಬುದು ನಮ್ಮ ಅಭಿಮತ.

ಯಲಬುರ್ಗಾ ತಾಲ್ಲೂಕಿನ 75 ವರ್ಷದ ಅಜ್ಜನವರೊಬ್ಬರನ್ನು ಊಹಿಸೋಣ. ಸಕ್ಕರೆ ಕಾಯಿಲೆಗೆ ಕುಷ್ಟಗಿಯ ವೈದ್ಯರು ಒಂದು ಗುಳಿಗೆ ಬರೆದಿದ್ದಾರೆ. ಮಗಳ ಊರಾದ ಗಂಗಾವತಿಯಲ್ಲಿ ಬೇರೊಬ್ಬರು ಇನ್ನೊಂದನ್ನು. ಹೆಸರು ಬೇರೆ, ಬಣ್ಣ ಬೇರೆ. ಆದರೆ ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಎರಡರಲ್ಲೂ ಇರುವುದು ಗ್ಲಿಮೆಪಿರೈಡ್ 2 ಮಿ.ಗ್ರಾಂ. ವಾಂತಿಯೆಂದು ಕೊಪ್ಪಳದ ಆಸ್ಪತ್ರೆಗೆ ಬಂದಾಗ ಕಂಪನಿ ಇಟ್ಟ ಹೆಸರುಗಳನ್ನಷ್ಟೇ ಬರೆದುಕೊಂಡರೆ ಎರಡೂ ಮುಂದುವರಿಯುತ್ತವೆ. ಊಟ ಬಿಟ್ಟ ದೇಹದಲ್ಲಿ ಸಕ್ಕರೆ ಕುಸಿದು ಬೆವರು, ನಡುಕ, ತೊದಲು ಮಾತು ಕಾಣಿಸುತ್ತವೆ. ವೃದ್ಧರಲ್ಲಿ ಇದನ್ನು ಬರಿಯ ಅರಳುಮರುಳೆಂದು ತಿಳಿಯುವುದೂ ಉಂಟು.

ಕೊನೆಯ ಗುಳಿಗೆ ನುಂಗಿದ ಸಮಯವನ್ನು ಕೇಳುವ ಅಂಕಣವನ್ನು ಖಾಲಿ ಬಿಡಲಾಗದು. ಈ ಔಷಧದ ಪ್ರಭಾವ ಒಂದು ದಿನದವರೆಗೂ ಇರುತ್ತದೆ, ಮೂತ್ರಪಿಂಡ ಸೊರಗಿದ್ದರೆ ಇನ್ನೂ ಹೆಚ್ಚು. ಗ್ಲೂಕೋಸ್ ಏರಿಸಿದೊಡನೆ ಚೇತರಿಸಿಕೊಂಡವರಲ್ಲಿಯೂ ಸಕ್ಕರೆ ಮತ್ತೆ ಇಳಿಯಬಹುದು; ಎಷ್ಟು ಹೊತ್ತು ಕಾದು ನೋಡಬೇಕೆಂಬುದು ಆ ಸಮಯದಿಂದಲೇ ತಿಳಿಯುತ್ತದೆ.

ಚೀಲದಲ್ಲಿ ಕೀಲುನೋವಿನ ಗುಳಿಗೆ, ಕಣ್ಣಿನ ಹನಿ, ನಾಟಿ ಔಷಧಗಳೂ ಇರಲಿ. ಇವನ್ನು ನಮ್ಮ ಜನ ಔಷಧವೆಂದೇ ಎಣಿಸುವುದಿಲ್ಲ! ಹಾಳೆಯಿಂದ ಗುಳಿಗೆ ಕತ್ತರಿಸುವಾಗ ಹೆಸರಿರುವ ತುದಿಯನ್ನು ಉಳಿಸಿಕೊಳ್ಳಿರಿ. ಬಿಡುಗಡೆಯ ದಿನ ಯಾವ ಗುಳಿಗೆ ನಿಂತಿತೆಂದು ಕೇಳಿ, ಅದನ್ನು ಚೀಲದಿಂದ ತೆಗೆದುಬಿಡಿರಿ.