ಒಂದು ಸ್ಟಾರ್‌ಗೆ ಏನಂತ ಉತ್ತರ ಬರೀಬೇಕು?

"ವರ್ಸ್ಟ್ ಅಂಗಡಿ. ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಹಾಳು ಮಾಡಿದ್ರು. 1,100 ರೂಪಾಯಿ ತಗೊಂಡು ಪೇಜ್ ನಂಬರ್ ಎಲ್ಲಾ ತಪ್ಪು. ಕೇಳಿದ್ರೆ ಬೈತಾರೆ. ದುಡ್ಡು ಹೊಡೆಯೋಕೆ ಕೂತಿದಾರೆ, ಯಾರೂ ಹೋಗ್ಬೇಡಿ."

ಇದು ಕಾಲೇಜ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಗೂಗಲ್ ಮ್ಯಾಪ್ಸ್‌ನಲ್ಲಿ ಬಂದ ರಿವ್ಯೂ. ಅಂಗಡಿ ಹೆಸರು ಹೇಳಲ್ಲ, ಬರೆದವರ ಹೆಸರೂ ಬೇಡ. ಇಂಥ ರಿವ್ಯೂ ಬರೆಯೋದು ನಾವೇ, ಓದೋದೂ ನಾವೇ. ಆದರೆ ಅದಕ್ಕೆ ಉತ್ತರ ಬರೆಯೋ ಕಷ್ಟ ಮಾತ್ರ ಅಂಗಡಿಯವರದ್ದು. ಈ ಅಂಗಡಿಯ ಅಣ್ಣ ಒಂದು ಉತ್ತರ ಟೈಪ್ ಮಾಡಿ, ಪೋಸ್ಟ್ ಮಾಡೋ ಮೊದಲು ನನಗೆ ತೋರಿಸಿದರು: "ನೀವು ಕೊಟ್ಟ ಫೈಲೇ ಸರಿ ಇರ್ಲಿಲ್ಲ. ಲಾಸ್ಟ್ ಮಿನಿಟ್‌ಗೆ ಬಂದು ನಮ್ಮ ಮೇಲೆ ಹಾಕ್ತೀರ. ಹತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಿ, ನಿಮ್ಮಿಂದ ಕಲೀಬೇಕಾಗಿಲ್ಲ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಇದು ಕೆಟ್ಟ ಉತ್ತರ ಅನ್ನೋದು ನನ್ನ ವಾದ.

ಮೊದಲು ಲೆಕ್ಕ ನೋಡಿ. ಆ ಅಂಗಡಿಗೆ 46 ರಿವ್ಯೂ ಇತ್ತು, ಸರಾಸರಿ 4.5. ಅಂದರೆ ಒಟ್ಟು 207 ಸ್ಟಾರ್. ಇದಕ್ಕೆ ಒಂದು ಸೇರಿಸಿ 47ರಿಂದ ಭಾಗಿಸಿದರೆ 4.43, ಪರದೆ ಮೇಲೆ 4.4. ಇಷ್ಟೇ ನಷ್ಟ. ಸ್ಟಾರ್‌ನಿಂದ ಅಂಗಡಿ ಮುಳುಗಲ್ಲ. ನಿಜವಾದ ಪ್ರಶ್ನೆ ಮುಂದಿನ ಸೆಮಿಸ್ಟರ್‌ನಲ್ಲಿ ರಿಪೋರ್ಟ್ ಪ್ರಿಂಟ್ ಮಾಡಿಸೋಕೆ ಹುಡುಕುವ ಮೂರನೆಯ ವ್ಯಕ್ತಿಯದ್ದು. ಅವಳು 4.4 ನೋಡಿ ಹೆದರಲ್ಲ, ಆದರೆ ಒಂದು ಸ್ಟಾರ್ ರಿವ್ಯೂಗಳನ್ನ ಮಾತ್ರ ತೆಗೆದು ಓದ್ತಾಳೆ. (ನಾವೆಲ್ಲ ಹಾಗೇ ಮಾಡೋದು.) ಅಲ್ಲಿ ರಿವ್ಯೂ ಕೆಳಗೇ ಮಾಲೀಕರ ಉತ್ತರ ಕಾಣುತ್ತೆ. ಅವಳಿಗೆ ಜಗಳದಲ್ಲಿ ಯಾರು ಗೆದ್ದರು ಅಂತ ಬೇಕಿಲ್ಲ, ತನ್ನ ರಿಪೋರ್ಟ್‌ಗೂ ಹೀಗೇ ಆಗುತ್ತಾ ಅಂತ ಗೊತ್ತಾಗಬೇಕು. ಅಣ್ಣನ ಮೊದಲ ಉತ್ತರ ಓದಿದರೆ ಅವಳಿಗೆ ಸಿಗೋ ಮಾಹಿತಿ ಒಂದೇ: ಹೌದು, ಕೇಳಿದರೆ ಇವರು ಬೈತಾರೆ.

ಹಾಗಾಗಿ ಬರೆಯೋ ಮೊದಲು ಆಗಿದ್ದೇನು ಅಂತ ನೋಡಬೇಕು. ವಾಟ್ಸಾಪ್‌ನಲ್ಲಿ ಬಂದಿದ್ದ ಫೈಲ್ ಅಂಗಡಿ ಕಂಪ್ಯೂಟರ್‌ನಲ್ಲಿ ಇನ್ನೂ ಇತ್ತು. ಅದು ಪಿಡಿಎಫ್ ಅಲ್ಲ, ವರ್ಡ್ ಫೈಲ್. ನನ್ನ ಲ್ಯಾಪ್‌ಟಾಪ್‌ನಲ್ಲಿ ತೆಗೆದರೆ ನಾಲ್ಕನೇ ಅಧ್ಯಾಯ 27ನೇ ಪುಟದಲ್ಲಿ ಶುರುವಾಗುತ್ತೆ, ಪರಿವಿಡಿಯಲ್ಲೂ 27 ಅಂತಲೇ ಇದೆ. ಅಂಗಡಿ ಕಂಪ್ಯೂಟರ್‌ನಲ್ಲಿ ಅದೇ ಅಧ್ಯಾಯ 29ಕ್ಕೆ ಹೋಗಿತ್ತು. ಫೈಲ್‌ನಲ್ಲಿ ಬಳಸಿದ ಫಾಂಟ್ ಅಲ್ಲಿ ಇರಲಿಲ್ಲ, ಅದರ ಬದಲಿಗೆ ಬೇರೆ ಫಾಂಟ್ ಬಂದು ಕೂತಿತ್ತು. ಅದರ ಅಕ್ಷರ ಸ್ವಲ್ಪ ಅಗಲ. ಸಾಲು ಒಡೆಯುತ್ತೆ, ಪ್ಯಾರಾ ಉದ್ದ ಆಗುತ್ತೆ, ಚಿತ್ರ ಮುಂದಿನ ಪುಟಕ್ಕೆ ಹಾರುತ್ತೆ. ಪರಿವಿಡಿ ಮಾತ್ರ ನಾವಾಗಿ ಅಪ್‌ಡೇಟ್ ಮಾಡೋವರೆಗೆ ಹಳೇ ನಂಬರನ್ನೇ ಹಿಡ್ಕೊಂಡು ಕೂತಿರುತ್ತೆ.

ತಪ್ಪು ಯಾರದ್ದು? ಪಿಡಿಎಫ್ ಕೊಟ್ಟಿದ್ರೆ ಹೀಗಾಗ್ತಿರಲಿಲ್ಲ, ನಿಜ. ಆದರೆ ಹಾರ್ಡ್ ಬೈಂಡಿಂಗ್ ಹಾಕಿದ ಮೇಲೆ ಒಂದು ಹಾಳೆ ಬದಲಾಯಿಸೋಕೂ ಆಗಲ್ಲ. ಅದಕ್ಕೆ ಮೊದಲು ಒಂದು ಪ್ರತಿ ತೋರಿಸಿ ಓಕೆ ತಗೊಳ್ಳೋದು ಅಂಗಡಿಯ ಕೆಲಸ. ಆವತ್ತು ಕ್ಯೂ ಇತ್ತು, ತೋರಿಸಿರಲಿಲ್ಲ. ಜೋರಾಗಿ ಮಾತಾಡಿದ್ದೂ ಹೌದಂತೆ.

ಇದೆಲ್ಲ ಗೊತ್ತಾದ ಮೇಲೆ, ಮರುದಿನ ಹೋದ ಉತ್ತರ ಇದು:

"ನಮಸ್ಕಾರ. ಸಬ್ಮಿಷನ್ ಸಮಯದಲ್ಲಿ ಹೀಗಾಗಿದ್ದಕ್ಕೆ ಕ್ಷಮಿಸಿ. ನಿಮ್ಮ ಫೈಲ್ ಮತ್ತೆ ತೆಗೆದು ನೋಡಿದೆ. ಅದರಲ್ಲಿದ್ದ ಫಾಂಟ್ ನಮ್ಮ ಕಂಪ್ಯೂಟರಿನಲ್ಲಿ ಇಲ್ಲದ ಕಾರಣ ನಾಲ್ಕನೇ ಅಧ್ಯಾಯದಿಂದ ಪುಟ ಸಂಖ್ಯೆ ಬದಲಾಗಿದೆ. ಬೈಂಡಿಂಗ್‌ಗೆ ಮೊದಲು ಒಂದು ಪ್ರತಿ ನಿಮಗೆ ತೋರಿಸಬೇಕಿತ್ತು, ತೋರಿಸಲಿಲ್ಲ. ಜೋರಾಗಿ ಮಾತಾಡಿದ್ದೂ ಸರಿಯಲ್ಲ. ನಾಲ್ಕೂ ಪ್ರತಿ ಮತ್ತೆ ಪ್ರಿಂಟ್ ಮಾಡಿ ಕೊಡುತ್ತೇನೆ, ಪ್ರಿಂಟ್‌ಗೆ ಹಣ ಬೇಡ. ಬೈಂಡಿಂಗ್ ವಿಷಯ ಅಂಗಡಿಯಲ್ಲಿ ಕೂತು ಮಾತಾಡೋಣ. ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ನಾನೇ ಇರುತ್ತೇನೆ. ಇನ್ನು ಮುಂದೆ ಗ್ರಾಹಕರು ಒಂದು ಪ್ರತಿ ನೋಡಿ ಸರಿ ಅಂದ ಮೇಲೆಯೇ ಬೈಂಡಿಂಗ್ ಮಾಡುತ್ತೇವೆ."

ಇದರಲ್ಲಿ "ಪಿಡಿಎಫ್ ಯಾಕೆ ತರಲಿಲ್ಲ" ಅನ್ನೋ ಪ್ರಶ್ನೆ ಇಲ್ಲ. ಆದರೂ ಓದಿದವರಿಗೆ ಫಾಂಟ್ ವಿಷಯ ಅರ್ಥ ಆಗುತ್ತೆ, ಮುಂದಿನ ಸಲ ಪಿಡಿಎಫ್ ತರ್ತಾರೆ. ಕಾರಣ ಹೇಳೋದು ಬೇರೆ, ಬೆರಳು ತೋರಿಸೋದು ಬೇರೆ. "ದುಡ್ಡು ಹೊಡೆಯೋಕೆ" ಅನ್ನೋ ಮಾತಿಗೆ ಉತ್ತರವನ್ನೇ ಕೊಟ್ಟಿಲ್ಲ. ಅಣ್ಣನಿಗೆ ತುಂಬಾ ನೋವಾಗಿದ್ದು ಆ ಮಾತೇ, ಅದನ್ನೇ ಬಿಡಿ ಅಂತ ಹೇಳೋದು ನನಗೂ ಕಷ್ಟ ಆಯ್ತು. ಆದರೆ "ನಾನು ಕಳ್ಳ ಅಲ್ಲ" ಅಂತ ಬರೆದರೆ ಓದುವವರ ತಲೆಯಲ್ಲಿ ಉಳಿಯೋದು ಕಳ್ಳ ಅನ್ನೋ ಪದವೇ.

ಹಣದ ಸಾಲಿನ ಬಗ್ಗೆ ತುಂಬಾ ಹೊತ್ತು ಚರ್ಚೆ ಆಯ್ತು. "ಫ್ರೀ ಅಂತ ಬರೆದ್ರೆ ನಾಳೆಯಿಂದ ಎಲ್ರೂ ಇದನ್ನೇ ಕೇಳ್ತಾರಪ್ಪ" ಅಂದರು. ಅವರ ಭಯ ಸುಳ್ಳಲ್ಲ. ಅದಕ್ಕೇ ಸಾರ್ವಜನಿಕವಾಗಿ ಪೂರೈಸೋಕೆ ಆಗೋ ಮಾತಷ್ಟೇ ಕೊಟ್ಟು, ಉಳಿದದ್ದನ್ನ ಎದುರಾಎದುರು ಇಟ್ಟಿದ್ದು. ಇದರ ಜೊತೆ "ರಿವ್ಯೂ ತೆಗೆದರೆ ಪೂರ್ತಿ ಹಣ ವಾಪಸ್" ಅಂತ ಮಾತ್ರ ಸೇರಿಸಬಾರದು. ರಿವ್ಯೂ ಬದಲಾಯಿಸೋಕೆ ಅಥವಾ ತೆಗೆಯೋಕೆ ಹಣ, ರಿಯಾಯಿತಿ ಕೊಡೋದು ಗೂಗಲ್ ನಿಯಮಕ್ಕೇ ವಿರುದ್ಧ. ಗೆಳೆಯರನ್ನೆಲ್ಲ ಕರೆದು ಐದು ಸ್ಟಾರ್ ಹಾಕಿಸೋದೂ ಅಷ್ಟೇ. ಅದೂ ಒಂದೇ ದಿನದಲ್ಲಿ "ಸೂಪರ್ ಶಾಪ್" ಅಂತ ಹದಿನೈದು ರಿವ್ಯೂ ಬಂದರೆ ನಮ್ಮಂಥವರಿಗೇ ಗೊತ್ತಾಗುತ್ತೆ.

ಗ್ರಾಹಕರ ವಿವರವನ್ನೂ ಉತ್ತರದಲ್ಲಿ ಹಾಕಬಾರದು. ರಿಪೋರ್ಟ್‌ನ ಮೊದಲ ಪುಟದಲ್ಲಿ ಹೆಸರು, ಯುಎಸ್‌ಎನ್, ಗೈಡ್ ಹೆಸರು ಎಲ್ಲಾ ಇರುತ್ತೆ, ಅಂಗಡಿಯವರ ಹತ್ತಿರ ಫೋನ್ ನಂಬರೂ ಇರುತ್ತೆ. ಸಿಟ್ಟಲ್ಲಿ "ಇಂಥ ಬ್ರಾಂಚಿನ ಇಂಥವರು" ಅಂತ ಬರೆದುಬಿಟ್ಟರೆ, ಮುಂದೆ ಯಾರೂ ನಂಬಿ ಫೈಲ್ ಕೊಡಲ್ಲ.

"ಅನಾನುಕೂಲತೆಗೆ ವಿಷಾದಿಸುತ್ತೇವೆ, ದಯವಿಟ್ಟು ನಮ್ಮನ್ನು ಸಂಪರ್ಕಿಸಿ" ಅಂತ ಎಲ್ಲಾ ರಿವ್ಯೂಗೂ ಒಂದೇ ಸಾಲು ಅಂಟಿಸುವ ದೊಡ್ಡ ಕಂಪನಿಗಳಿಗಿಂತ ಈ ಅಂಗಡಿಗೆ ಇರೋ ಅನುಕೂಲ ಇದೇ. ಇಲ್ಲಿ ಫೈಲ್ ತೆಗೆದು ನೋಡಿದ ಮನುಷ್ಯನೇ ಉತ್ತರ ಬರೀತಾನೆ, 27 ಯಾಕೆ 29 ಆಯ್ತು ಅಂತ ಹೇಳಬಲ್ಲ. ಆ ಅಂಟಿಸಿದ ಸಾಲು ಮೌನಕ್ಕಿಂತ ಕೆಟ್ಟದ್ದು ಅಂತ ನನಗನ್ನಿಸುತ್ತೆ. ಓದಲೇ ಇಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ರಿವ್ಯೂ ಬರೆದವರು ಅಂಗಡಿಗೆ ಬಂದೇ ಇಲ್ಲದಿದ್ದರೆ? ರಿಪೋರ್ಟ್ ಮಾಡೋ ಬಟನ್ ಇದೆ. ಆದರೆ ಬೈಗುಳ, ಸ್ಪ್ಯಾಮ್, ಸುಳ್ಳು ರಿವ್ಯೂ ಥರ ನಿಯಮ ಮುರಿದಿದ್ದರೆ ಮಾತ್ರ ಅದು ತೆಗೆಯಲ್ಪಡೋದು. ಅಂಗಡಿ ಹೇಳೋದು ನಿಜವಾ, ಗ್ರಾಹಕ ಹೇಳೋದು ನಿಜವಾ ಅಂತ ಗೂಗಲ್ ಪಂಚಾಯ್ತಿ ಮಾಡಲ್ಲ. ಆಗಲೂ "ಫೇಕ್" ಅಂತ ಕಿರುಚೋ ಬದಲು, "ಈ ದಿನಾಂಕದಲ್ಲಿ ಇಂಥ ಕೆಲಸ ನಮ್ಮ ಬಿಲ್ ಪುಸ್ತಕದಲ್ಲಿ ಸಿಗುತ್ತಿಲ್ಲ, ಬಿಲ್ ತಂದು ತೋರಿಸಿದರೆ ನೋಡುತ್ತೇನೆ" ಅಂದರೆ ಸಾಕು. ಅವರು ತಿರುಗಿ ಬರೆದರೆ ಇನ್ನೊಂದು ಸುತ್ತು ಬೇಡ.

ಈ ಅಂಗಡಿಯ ರಿವ್ಯೂ ಇನ್ನೂ ಹಾಗೇ ಇದೆ, ಒಂದೇ ಸ್ಟಾರ್. ಬರೆದವರು ಮತ್ತೆ ಪ್ರಿಂಟ್ ಮಾಡಿಸೋಕೆ ಬಂದಿದ್ದರು, ಬೈಂಡಿಂಗ್‌ಗೆ ಅರ್ಧ ದುಡ್ಡು ಕೊಟ್ಟು ಹೋದರು. ಕೌಂಟರ್ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದಾರೆ: "ಪಿಡಿಎಫ್ ತನ್ನಿ. ಒಂದು ಪ್ರತಿ ನೋಡಿ, ಆಮೇಲೆ ಬೈಂಡಿಂಗ್."