ಒಂದೇ ಅಂಕಿಯ ಬಲ
ಮಂತ್ರಿಗಳ ಮುಂದೆ ಹತ್ತಾರು ನಕ್ಷೆ ಹರವಿದರೆ ಅವರು ತಮಗೆ ಬೇಕಾದುದನ್ನಷ್ಟೇ ಆರಿಸಿಕೊಂಡಾರು. ಪ್ರಾದೇಶಿಕ ಅಸಮತೋಲನದ ಕುರಿತು 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅದಕ್ಕೆ ಎಡೆಗೊಡಲಿಲ್ಲ. ಅಂದಿನ 175 ತಾಲ್ಲೂಕುಗಳಿಗೆ 35 ಮಾನದಂಡ ಎಂದರೆ ಆರು ಸಾವಿರಕ್ಕೂ ಹೆಚ್ಚು ಅಂಕಿ. ಅವೆಲ್ಲವನ್ನೂ ಒಂದು ಸೂಚ್ಯಂಕಕ್ಕೆ ಇಳಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡಿತು. ಅದಕ್ಕಿಂತ ಕೆಳಗುಳಿದ ತಾಲ್ಲೂಕುಗಳು 114. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 114 ತಾಲ್ಲೂಕುಗಳನ್ನು ಮೇಲೆತ್ತಲು ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ. ಕೊರತೆ ಎಲ್ಲಿ, ಎಷ್ಟು, ಬೇಕಾದುದೇನು ಎಂಬ ಸರಣಿ ಎಲ್ಲೂ ಕಡಿಯಲಿಲ್ಲ, ಹಾಗಾಗಿ ವಾದ ಇಂದಿಗೂ ನಿಂತಿದೆ. ಆದರೂ ತಾಲ್ಲೂಕಿನ ಸರಾಸರಿಯಲ್ಲಿ ಹಳ್ಳಿ ಕಾಣುವುದಿಲ್ಲ. ಸಿಂಧನೂರು ತಾಲ್ಲೂಕಿನ ಅಂಕಿ ನೋಡಿದವರಿಗೆ ಅಲ್ಲಿನ ಸಾಲಗುಂದ ಹಳ್ಳಿಯ ಸ್ಥಿತಿ ತಿಳಿಯದು, ಕಾಲುವೆಯ ಮೇಲ್ಭಾಗಕ್ಕೂ ಕೊನೆಭಾಗಕ್ಕೂ ಇರುವ ಅಂತರವೂ ತಿಳಿಯದು. ಹಳ್ಳಿಗಳ ಆ ವಿವರದ ಪಟ್ಟಿ ವರದಿಯ ಅನುಬಂಧದಲ್ಲಿರಲಿ, ಕೇಳಿದೊಡನೆ ತೆರೆಯುವಂತಿರಲಿ.